ಮುಖ ತೆಗೆಸ್ಬೇಕಾ? ಮೊದ್ಲು ಮುಖ ಕೊಡಿ ಸ್ವಾಮಿ

2024ರಲ್ಲಿ ಹಾರ್ವರ್ಡಿನ ಇಬ್ರು ಹುಡುಗರು ಕ್ಯಾಮೆರಾ ಕನ್ನಡಕ ಹಾಕ್ಕೊಂಡು ಗುರುತೇ ಇಲ್ದೋರ್ನ ಹೆಸರಿಡಿದು ಮಾತಾಡ್ಸಿದ ವಿಡಿಯೋ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರುತ್ತೆ. ಎಲ್ರೂ ಕನ್ನಡಕಕ್ಕೇ ಬೈದ್ರು. ಪಾಪ ಕನ್ನಡಕದ್ದೇನು ತಪ್ಪು, ಮುಖ ಹುಡುಕಿ ಕೊಟ್ಟಿದ್ದು ಪಿಮ್‌ಐಸ್ ಅನ್ನೋ ವೆಬ್‌ಸೈಟು, ಅದು 2017ರಿಂದ ಬಾಗ್ಲು ತಕ್ಕೊಂಡೇ ಕೂತಿದೆ.

ಕೆಲ್ಸ ಸಿಂಪಲ್ಲು. ವೆಬ್ಬಲ್ಲಿ ಬಿದ್ದಿರೋ ಫೋಟೋಗಳ್ನೆಲ್ಲ ಮೊದ್ಲೇ ಗುಡ್ಸಿಟ್ಕೊಂಡು ಒಂದೊಂದು ಮುಖಕ್ಕೂ ನಂಬರ್‌ಗಳ ಒಂದು ಸಾಲು ಬರ್ದಿಟ್ಟಿರ್ತಾರೆ, ನೀವು ಫೋಟೋ ಹಾಕಿದ್ರೆ ಅದಕ್ಕೂ ಅಂಥದ್ದೇ ಸಾಲು ಮಾಡಿ ಹತ್ರ ಇರೋದನ್ನ ಎತ್ತಿ ಕೊಡ್ತಾರೆ. ಹತ್ರ ಇರೋದು ಅಂದೆ, ಅದೇ ವ್ಯಕ್ತಿ ಅನ್ಲಿಲ್ಲ. ಹೋಲಿಕೆ ಇರೋ ಇನ್ಯಾರದ್ದೋ ಮುಖ ಬಂದ್ರೆ ಅವ್ರ ಮನೆ ಮುಂದೆ ಹೋಗಿ ನಿಲ್ಲೋನಿಗೆ ಅದೆಲ್ಲ ಗೊತ್ತಾಗಲ್ಲ.

ಆದ್ರೆ ಮರ್ಯಾದಸ್ಥರು ಕಣ್ರೀ, ಹೆಸರು ಹೇಳೋದೇ ಇಲ್ಲ! ಫೋಟೋ ಇರೋ ಪೇಜಿನ ಲಿಂಕ್ ಅಷ್ಟೇ, ಅದಕ್ಕೂ ದುಡ್ಡು ಕಟ್ಬೇಕು. ಸೋಶಿಯಲ್ ಮೀಡಿಯಾ ಮುಟ್ಟಲ್ಲ ಅಂತಾನೂ ಹೇಳ್ತಾರೆ. ನಮ್ಮ ಅಕ್ಕನ ಮಗ್ಳು 'ನನ್ ಇನ್ಸ್ಟಾ ಪ್ರೈವೇಟು ಮಾಮಾ' ಅಂತ ಆರಾಮಾಗಿದ್ಲು. ಅವಳ ಮದ್ವೆ ಆಲ್ಬಮ್ಮನ್ನ ಸ್ಟುಡಿಯೋದವ್ನು ತನ್ನ ವೆಬ್‌ಸೈಟಿಗೆ ಏರಿಸಿದ್ದಾನೆ, ವಧೂವರರ ಹೆಸರು, ಛತ್ರ, ತಾರೀಖು ಸಮೇತ. ಹಿಂದಿನ ಸಾಲಲ್ಲಿ ಬಾಯ್ತುಂಬ ಹೋಳಿಗೆ ಇಟ್ಕೊಂಡು ನಾನೂ ಇದೀನಿ. ಹೋಳಿಗೆ ಚೆನ್ನಾಗಿತ್ತು ಬಿಡಿ, ಸಾರು ಮಾತ್ರ ನೀರು. ವಿಷ್ಯ ಏನಂದ್ರೆ, ಬಸ್ಸಲ್ಲಿ ಅವಳ ಫೋಟೋ ಕದ್ದು ಹೊಡ್ದೋನಿಗೆ ಆ ಒಂದು ಪೇಜ್ ಸಾಕು, ಹೆಸರು ಸಿಕ್ಮೇಲೆ ಆಫೀಸು ಹುಡ್ಕೋದು ಅರ್ಧ ಗಂಟೆ ಕೆಲ್ಸ.

ಸೇಫ್ಟಿ ಬಗ್ಗೆ ಕೇಳಿದ್ರೆ, 'ನಿಮ್ಮದೇ ಮುಖ ಹುಡ್ಕೋಕೆ ಮಾತ್ರ' ಅನ್ನೋ ರೂಲ್ ಇದ್ಯಂತೆ. ಹಿಂಬಾಲಿಸೋನು ಆ ಸಾಲು ಓದಿ 'ಅಯ್ಯೋ, ನಂದಲ್ವಲ್ಲ' ಅಂತ ನಾಚ್ಕೊಂಡು ವಾಪಸ್ ಹೋಗ್ತಾನೆ, ಅಲ್ವಾ?

ತಮಾಷೆ ಸಾಕು. 2016ರಲ್ಲೇ ರಷ್ಯಾದಲ್ಲಿ ಫೈಂಡ್‌ಫೇಸ್ ಅಂತ ಆ್ಯಪ್ ಬಂತು, ವಿಕೆ ಅನ್ನೋ ಅಲ್ಲಿನ ಸೋಶಿಯಲ್ ಮೀಡಿಯಾ ಸೈಟಿನ ಫೋಟೋಗಳಲ್ಲಿ ಮುಖ ಹುಡುಕ್ತಿತ್ತು. ತಿಂಗ್ಳುಗಳಲ್ಲೇ ಒಂದು ಗುಂಪು ವಯಸ್ಕರ ಸಿನಿಮಾಗಳಲ್ಲಿ ನಟಿಸಿದ ಹೆಂಗಸ್ರ ಅಕೌಂಟ್ ಹುಡ್ಕಿ ಅವ್ರ ನೆಂಟ್ರಿಗೆ, ಸ್ನೇಹಿತ್ರಿಗೆ ಮೆಸೇಜ್ ಕಳ್ಸಿ ಗೋಳು ಹುಯ್ಕೊಂಡ್ತು. ಏನಾಗುತ್ತೆ ಅಂತ ಆಗ್ಲೇ ಕಣ್ಮುಂದೆ ಇತ್ತು. ಗೊತ್ತಿದ್ದೂ ಪಿಮ್‌ಐಸ್‌ನೋರು ಅದೇ ಅಂಗ್ಡಿ ತೆಗ್ದು ತಿಂಗಳ ಬಾಡಿಗೆ ವಸೂಲಿ ಮಾಡ್ತಾರಲ್ಲ, ಇವ್ರಿಗೆ ಏನು ಹೇಳೋದು.

ಬೇಡ ಅಂದ್ರೆ ತೆಗೆಸ್ಬಹುದಂತೆ. ನಿಮ್ಮ ಒಂದು ಒಳ್ಳೆ ಫೋಟೋ ಮತ್ತೆ ಐಡಿ ಕಾರ್ಡ್ ಕಾಪಿ ಅವ್ರಿಗೇ ಕಳಿಸ್ಬೇಕು! ಕಳಿಸಿದ್ರೂ ಅವ್ರ ರಿಸಲ್ಟ್‌ನಿಂದ ಮರೆಯಾಗುತ್ತೆ ಅಷ್ಟೇ, ಸ್ಟುಡಿಯೋದವ್ನ ಪೇಜ್ ಅಲ್ಲೇ ಇರುತ್ತೆ, ಬೇರೆ ಆ್ಯಂಗಲ್ಲಿನ ಫೋಟೋ ತಪ್ಪಿಸ್ಕೊಂಡು ಮತ್ತೆ ಬಂದ್ರೂ ಬಂತು. ಅಕ್ಕನ ಮಗ್ಳು ಫಾರ್ಮ್ ತುಂಬ್ತಾ ಕೂತಿದಾಳೆ. ನಂದೂ ಕಳ್ಸು ಅಂದೆ, ಹೋಳಿಗೆ ಇರೋದಾ ಇಲ್ದೇ ಇರೋದಾ ಮಾಮಾ ಅಂತಾಳೆ.