ಅಕ್ಕನೂ ಹೌದು, ಅತ್ತೆಯೂ ಹೌದು, ನಾಮಿನಿ ಮಾತ್ರ ಅಲ್ಲ

ಪಿ.ಎಫ್. ಫಾರ್ಮಿನಲ್ಲಿ ‘ಸಂಬಂಧ’ ಅನ್ನುವ ಕಾಲಮ್ಮು ಮಾಡಿದವರು ಬಳ್ಳಾರಿ ಕಡೆಯ ಮದುವೆಗೆ ಒಮ್ಮೆಯೂ ಬಂದವರಲ್ಲ ಎಂದು ನನ್ನ ಗಟ್ಟಿ ನಂಬಿಕೆ. ಬಂದು ಒಂದು ಪಂಕ್ತಿಯಲ್ಲಿ ಉಂಡಿದ್ದರೂ ಸಾಕಿತ್ತು. ಅನ್ನ ಬಡಿಸುವಾಕೆ ಮದುಮಗನಿಗೆ ಏನಾಗಬೇಕು ಅಂತ ವಿಚಾರಿಸಿ, ಬಂದ ಉತ್ತರ ಕೇಳಿ, ಆ ಕಾಲಮ್ಮನ್ನು ಎರಡು ಇಂಚು ಅಗಲ ಮಾಡಿಸುತ್ತಿದ್ದರು.

ನಾನು ಹಲಕುಂದಿ ಕಡೆಯ ಒಂದು ಸ್ಪಾಂಜ್ ಐರನ್ ಕಾರ್ಖಾನೆಯ ಟೈಮ್ ಆಫೀಸಿನಲ್ಲಿದ್ದೇನೆ. ಹಾಜರಿ, ಗೇಟ್ ಪಾಸು, ಓವರ್‌ಟೈಮಿನ ಜಗಳ, ಇಷ್ಟರ ನಡುವೆ ಕಾರ್ಮಿಕರ ಪಿ.ಎಫ್. ನಾಮಿನಿ ತುಂಬಿಸುವುದೂ ನನ್ನ ಪಾಲಿಗೇ ಬಂದಿದೆ. ತಾನು ಸತ್ತ ಮೇಲೆ ದುಡ್ಡು ಯಾರಿಗೆ ಅಂತ ಒಬ್ಬ ಮನುಷ್ಯನನ್ನು ಬೆಳಗಿನ ಎಂಟಕ್ಕೆ, ಚಹಾ ಕುಡಿಯುವ ಮೊದಲು ಕೇಳುವ ಕೆಲಸ ಇದು. ಬಹಳ ಮಂದಿ ‘ಥೂ, ಬಿಡ್ತು ಅನ್ರಿ’ ಅಂತಾರೆ.

ನಮ್ಮ ವೇಬ್ರಿಜ್ಜಿನವನ ಕತೆ ಹೇಳುತ್ತೇನೆ. ಹೆಸರು ಬೇಡ. ಅದಿರು ತುಂಬಿದ ಲಾರಿಯ ತೂಕವನ್ನು ಕಿಲೋ ತಪ್ಪದಂತೆ ಬರೆಯುವ ಹುಡುಗ. ಸಣ್ಣವನಿದ್ದಾಗಲೇ ಅಪ್ಪ ಅವ್ವ ಹೋದರು, ಸಾಕಿದ್ದು ಅಕ್ಕ. ಆಕೆಯ ಗಂಡನೂ ಬೇಗ ಹೋದ. ಮಿರ್ಚಿ ಬಂಡಿ ಇಟ್ಟುಕೊಂಡು ತಮ್ಮನನ್ನೂ ತನ್ನ ಮಗಳನ್ನೂ ದೊಡ್ಡವರನ್ನಾಗಿ ಮಾಡಿದ ಹೆಣ್ಣುಮಗಳು. ಹುಡುಗ ಕೆಲಸಕ್ಕೆ ಸೇರಿದಾಗ ಫಾರ್ಮ್ 2ರಲ್ಲಿ ನಾಮಿನಿ ಅಂತ ಅಕ್ಕನ ಹೆಸರು ಬರೆಸಿದ, ಪಾಲು ಪೂರ್ತಿ ನೂರು. ಅಪ್ಪ ಅವ್ವ ಇಲ್ಲ, ಹೆಂಡತಿ ಮಕ್ಕಳಿಲ್ಲ. ಅಂಥವನು ಯಾರನ್ನು ಬೇಕಾದರೂ ನಾಮಿನಿ ಮಾಡಬಹುದು. ಎಲ್ಲ ಸರಿಯಾಗಿಯೇ ಇತ್ತು.

ಆ ಫಾರ್ಮಿನ ಬುಡದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಒಂದು ದೃಢೀಕರಣ ಇರುತ್ತದೆ: ನನಗೆ ಸದ್ಯ ಕುಟುಂಬವಿಲ್ಲ, ಮುಂದೆ ಕುಟುಂಬವಾದರೆ ಮೇಲಿನ ನಾಮನಿರ್ದೇಶನ ರದ್ದಾಯಿತೆಂದು ತಿಳಿಯಬೇಕು. ಅದರ ಕೆಳಗೇ ನಮ್ಮ ಹುಡುಗ ಬಾಲ ಎಳೆದು ಚೆಂದಾಗಿ ಸಹಿ ಹಾಕಿದ್ದ. ಓದಿದ್ದನೇ ಅಂತ ಕೇಳಬೇಡಿ. ಅದನ್ನು ಓದಿ ಸಹಿ ಹಾಕಿದವನನ್ನು ನಾನಂತೂ ಕಂಡಿಲ್ಲ.

ಆಮೇಲೆ ಅವನು ಅಕ್ಕನ ಮಗಳನ್ನೇ ಮದುವೆಯಾದ. ನಮ್ಮ ಕಡೆ ಇದು ಸುದ್ದಿಯೇ ಅಲ್ಲ. ಮಗುವೂ ಆಯಿತು. ಈ ಸಲ ಬೇಸಿಗೆಯಲ್ಲಿ, ಫ್ಯಾನು ಬಿಸಿಗಾಳಿಯನ್ನೇ ಸುತ್ತಿ ಸುತ್ತಿ ಮುಖಕ್ಕೆ ಹೊಡೆಯುತ್ತಿದ್ದ ಒಂದು ಮಧ್ಯಾಹ್ನ, ಅಕ್ಕನನ್ನು ಕರೆದುಕೊಂಡೇ ಟೈಮ್ ಆಫೀಸಿಗೆ ಬಂದ.

“ಸರ, ಹಳೇ ನಾಮಿನಿ ಐತಲ್ರಿ, ಅಕ್ಕಂದು. ಅದನ್ನ ಆನ್‌ಲೈನ್‌ನ್ಯಾಗ ಹಾಕಿಬಿಡ್ರಿ.”

“ಅದು ನಿನ್ನ ಮದುವಿ ದಿನಾನ ಹೋತಪ್ಪ.”

ಅಕ್ಕ ಕುರ್ಚಿಯಿಂದ ಅರ್ಧ ಎದ್ದರು. “ಹೋತು ಅಂದ್ರ? ಮುಂದ ನಿಂತು ಮದುವಿ ಮಾಡ್ದಾಕಿ ನಾನು. ನನ್ನ ಹೆಸರು ಹೆಂಗ ಹೋಗ್ತೈತ್ರಿ?”

ಹೋದದ್ದು ಹಾಗೇ, ಅವರು ಮುಂದೆ ನಿಂತದ್ದರಿಂದಲೇ. 1952ರ ಪಿ.ಎಫ್. ಯೋಜನೆಯ 61ನೇ ಪ್ಯಾರಾ ಪ್ರಕಾರ ಮದುವೆಯಾದ ಮೇಲೆ ಹೊಸದಾಗಿ ನಾಮಿನಿ ಮಾಡಬೇಕು, ಮದುವೆಗೆ ಮೊದಲು ಮಾಡಿದ್ದು ಊರ್ಜಿತವಲ್ಲ. ಕುಟುಂಬ ಇದ್ದವನು ಕುಟುಂಬದವರನ್ನೇ ನಾಮಿನಿ ಮಾಡಬೇಕು. ಕುಟುಂಬ ಅಂದರೆ ಯಾರು ಅನ್ನುವುದನ್ನೂ ಯೋಜನೆಯೇ ಹೇಳಿಬಿಟ್ಟಿದೆ. ಗಂಡಸು ಸದಸ್ಯನಿಗೆ ಹೆಂಡತಿ, ಮಕ್ಕಳು, ಅವನನ್ನೇ ನೆಚ್ಚಿಕೊಂಡ ತಂದೆ ತಾಯಿ, ತೀರಿಹೋದ ಮಗನ ಹೆಂಡತಿ ಮಕ್ಕಳು. ಅಲ್ಲಿಗೆ ಮುಗಿಯಿತು. ಅಣ್ಣ, ತಮ್ಮ, ಅಕ್ಕ, ತಂಗಿ ಆ ಪಟ್ಟಿಯಲ್ಲಿಲ್ಲ, ಸಾಕಿ ಸಲಹಿದ್ದರೂ ಇಲ್ಲ.

ವೇಬ್ರಿಜ್ಜಿನವ ತಲೆ ಕೆರೆದುಕೊಂಡ. ಆಮೇಲೆ ಮುಖ ಅರಳಿತು. “ಅಕ್ಕ ಬ್ಯಾಡ್ರಿ ಹಂಗಾದ್ರ. ಅತ್ತಿ ಅಂತ ಬರೀರಿ. ಈಗ ಅತ್ತಿನೂ ಹೌದಲ್ರಿ?”

ಇಂಥ ವಕೀಲಿ ಬುದ್ಧಿ ಲಾರಿ ತೂಗುತ್ತಾ ಕೂತಿದೆಯಲ್ಲ ಅಂತ ಕನಿಕರ ಬಂತು. ಆದರೆ ಆ ಬಾಗಿಲೂ ಮುಚ್ಚಿದ್ದೇ. ಗಂಡಸಿನ ಕುಟುಂಬದಲ್ಲಿ ಹೆಂಡತಿಯ ತಾಯಿಗೆ ಜಾಗವಿಲ್ಲ. ಹೆಂಗಸು ಸದಸ್ಯೆಯಾದರೆ ತನ್ನ ಅವಲಂಬಿತ ತಂದೆ ತಾಯಿಯ ಜೊತೆ ಗಂಡನ ಅವಲಂಬಿತ ತಂದೆ ತಾಯಿಯೂ ಕುಟುಂಬಕ್ಕೆ ಸೇರುತ್ತಾರೆ. ಸೊಸೆ ಅತ್ತೆಗೆ ದುಡ್ಡು ಬಿಡಬಹುದು, ಅಳಿಯ ಬಿಡುವ ಹಾಗಿಲ್ಲ. ಆ ಕಾಲದಲ್ಲಿ ಬರೆದವರ ಮನೆಯಲ್ಲಿ ಅಳಿಯನಿಂದ ಯಾರೂ ಏನೂ ನಿರೀಕ್ಷಿಸುತ್ತಿರಲಿಲ್ಲವೋ ಏನೋ.

“ಇರ್ಲಿ ಬಿಡ್ರಿ, ಹಳೇದನ್ನ ಹಂಗ ಬಿಟ್ರ ಏನಾಗ್ತೈತಿ?” ಅಂದರು ಅಕ್ಕ. ಈ ಪ್ರಶ್ನೆಗೆ ಬಾಯಿಮಾತಿನ ಉತ್ತರ ಸಾಲದು ಅಂತ ರಫ್ ಹಾಳೆ ತೆಗೆದೆ. ಖಾತೆಯಲ್ಲಿ 3,60,000 ರೂಪಾಯಿ ಇದೆ ಅಂತ ಇಟ್ಟುಕೊಳ್ಳಿ. ಹುಡುಗನಿಗೆ ಏನೋ ಆಯಿತು (ಇಬ್ಬರೂ ಒಟ್ಟಿಗೆ ‘ಬಿಡ್ತು’ ಅಂದರು, ನಾನೂ ಅಂದೆ). ಅಕ್ಕ ಹಳೆಯ ಫಾರ್ಮ್ 2 ಹಿಡಿದುಕೊಂಡು ಹೋದರೆ, ಅದರ ತಾರೀಖಿನ ಮುಂದೆ ಮದುವೆಯ ತಾರೀಖು ಇಡುತ್ತಾರೆ, ಮುಗಿಯಿತು. ಊರ್ಜಿತ ನಾಮಿನಿ ಇಲ್ಲವೆಂದು ದುಡ್ಡು ಕುಟುಂಬದವರಿಗೆ ಸಮಪಾಲಾಗಿ ಹೋಗುತ್ತದೆ. ಇವನ ಕುಟುಂಬ ಹೆಂಡತಿ ಮತ್ತು ಮಗು. ತಲಾ 1,80,000. ಅಕ್ಕನ ಎದುರು ಸೊನ್ನೆ ಬರೆದೆ. ಅದರ ಮೇಲೆ ಕುಟುಂಬದಲ್ಲಿ ಯಾರು ಯಾರು ಇದ್ದಾರೆ ಅಂತ ಸಾಬೀತು ಮಾಡುವ ಕಾಗದಕ್ಕೆ ಕಚೇರಿ ಕಚೇರಿ ಅಲೆಯುವುದು ಆ ಹುಡುಗಿಯ ಪಾಲಿಗೆ. ಸರಿಯಾದ ನಾಮಿನಿ ಇದ್ದರೆ ಆ ಅಲೆದಾಟ ಬಹಳ ಮಟ್ಟಿಗೆ ತಪ್ಪುತ್ತದೆ.

ವಿಧವಾ ಪಿಂಚಣಿಯ ಮಾತೇ ಬೇರೆ. ಅದು ನಾಮಿನಿ ಯಾರೇ ಇರಲಿ, ಹೆಂಡತಿಗೇ ಹೋಗುತ್ತದೆ.

“ಬ್ಯಾಂಕಿನ್ಯಾಗ ಯಾರೂ ಏನೂ ಕೇಳ್ಲಿಲ್ಲ, ಅಕ್ಕನ ಹೆಸರು ಬರಕೊಂಡ್ರು,” ಅಂತ ಹುಡುಗ ಗೊಣಗಿದ. ಖರೆ. ಬ್ಯಾಂಕ್ ಠೇವಣಿಗೆ ಅಕ್ಕನಾಗಲಿ, ಗೆಳೆಯನಾಗಲಿ, ಯಾರನ್ನು ಬೇಕಾದರೂ ನಾಮಿನಿ ಮಾಡಬಹುದು. ಆದರೆ ಅಲ್ಲಿ ನಾಮಿನಿ ಅಂದರೆ ದುಡ್ಡು ಕೈಗೆ ತೆಗೆದುಕೊಳ್ಳುವವರು ಅಷ್ಟೇ. ವಾರಸುದಾರರು ಬಂದು ಕೇಳಿದರೆ ಕೊಡಬೇಕಾಗುತ್ತದೆ. ಅಕ್ಕನಿಗೇ ಉಳಿಯಲಿ ಅನ್ನುವ ಮನಸ್ಸಿದ್ದರೆ ಆ ಠೇವಣಿಗೆ ಮೃತ್ಯುಪತ್ರವನ್ನೂ ಬರೆದಿಡು ಅಂದೆ. ಮತ್ತೊಮ್ಮೆ ‘ಬಿಡ್ತು’ ಆಯಿತು.

ಕಡೆಗೆ ಹೊಸ ನಾಮಿನಿಗೆ ಒಪ್ಪಿದ. ಸದಸ್ಯರ ಪೋರ್ಟಲ್ಲಿಗೆ ಹೋಗಿ ಇ-ನಾಮಿನೇಷನ್ ತೆರೆದೆ. ಅದು ಮೊದಲೇ ಕೇಳುವುದು ಕುಟುಂಬ ಇದೆಯೇ ಅಂತ. ಇಲ್ಲೇ ಬಹಳ ಮಂದಿ ಬೇಗ ಮುಗಿಯಲಿ ಅಂತ ‘ಇಲ್ಲ’ ಒತ್ತಿ ಅಣ್ಣನ ಹೆಸರು ಹಾಕಿ ಹೋಗುತ್ತಾರೆ. ಕಂಪ್ಯೂಟರು ನಂಬುತ್ತದೆ, ಆದರೆ ಕ್ಲೇಮಿನ ದಿನ ಹೆಂಡತಿ ಎದುರಿಗೆ ಬಂದು ನಿಂತಾಗ ಅದು ನಿಲ್ಲುವುದಿಲ್ಲ. ‘ಹೌದು’ ಒತ್ತಿದೆ. ಹೆಂಡತಿಯ ಆಧಾರ್, ಹುಟ್ಟಿದ ತಾರೀಖು, ಫೋಟೋ. ಫೋಟೋ ಅಂತ ಅವನು ಕೊಟ್ಟದ್ದು ದುರ್ಗಮ್ಮನ ಜಾತ್ರೆಯಲ್ಲಿ ಮೂವರೂ ಐಸ್‌ಕ್ರೀಮ್ ಹಿಡಿದು ನಿಂತದ್ದು. ಕತ್ತರಿಸಿ ಕತ್ತರಿಸಿ ಹೆಂಡತಿಯನ್ನು ಉಳಿಸಿದೆ, ಕೋನ್ ಮಾತ್ರ ಪೂರ್ತಿ ಹೋಗಲಿಲ್ಲ. ಹೆಂಡತಿಗೆ ಐವತ್ತು, ಮಗುವಿಗೆ ಐವತ್ತು ಅಂದ. ಮಗು ಸಣ್ಣದು, ಪೋಷಕರ ಹೆಸರು ಬೇಕು.

“ಅಲ್ಲಿ ಅಕ್ಕನ್ನ ಹಾಕ್ರಿ!”

ಅದೂ ಆಗದು. ಕುಟುಂಬದಲ್ಲಿ ದೊಡ್ಡವರೊಬ್ಬರು ಇದ್ದರೆ ಅವರನ್ನೇ ಪೋಷಕರನ್ನಾಗಿ ಮಾಡಬೇಕು. ಹೆಂಡತಿ ಇದ್ದಾಳಲ್ಲ. ಅಕ್ಕ ಈ ಹೊತ್ತಿಗೆ ಮಾತು ನಿಲ್ಲಿಸಿ ಸೆರಗಿನಿಂದ ಗಾಳಿ ಹಾಕಿಕೊಳ್ಳತೊಡಗಿದ್ದರು.

ಎಲ್ಲ ತುಂಬಿ ಉಳಿಸಿದರೂ ಕೆಲಸ ಮುಗಿಯುವುದಿಲ್ಲ. ಆಧಾರ್ ಒಟಿಪಿಯಿಂದ ಇ-ಸೈನ್ ಆಗಬೇಕು. ಆಗದಿದ್ದರೆ ಅದು ಬಾಕಿ ಅಂತಲೇ ಕೂತಿರುತ್ತದೆ, ತುಂಬಿದವನು ಆಯಿತೆಂದು ನಿಶ್ಚಿಂತೆಯಿಂದ ಓಡಾಡಿಕೊಂಡಿರುತ್ತಾನೆ. ಇ-ಸೈನ್ ಒತ್ತಿದೆ. ಟಿಂಗ್ ಅಂತು, ಅಕ್ಕನ ಚೀಲದಲ್ಲಿ. ಹುಡುಗನ ಆಧಾರ್ ಮಾಡಿಸುವಾಗ ಮನೆಯಲ್ಲಿದ್ದದ್ದು ಒಂದೇ ಫೋನು, ಅದು ಅಕ್ಕನದು. ಲಾಗಿನ್ ಆಗುವಾಗಿನ ಒಟಿಪಿಯನ್ನು ಅಕ್ಕ ಸುಮ್ಮನೆ ಕೊಟ್ಟಿದ್ದರು.

ಅಕ್ಕ ಫೋನನ್ನು ಎದೆಗೆ ಒತ್ತಿ ಹಿಡಿದರು. “ನನ್ನ ಹೆಸರು ತಗಿಯಾಕ ನನ್ನ ಫೋನಿಗೇ ಬಂತೇನ್ರಿ?”

ಸಮಾಧಾನಕ್ಕೆ ಇನ್ನೊಂದು ದಾರಿ ಹೇಳಿದೆ. ಅವರ ಮಗಳು ಮುಂಡರಗಿಯ ಕೈಗಾರಿಕಾ ಪ್ರದೇಶದಲ್ಲಿ ಜೀನ್ಸ್ ಹೊಲಿಯುವ ಯೂನಿಟ್ಟಿನಲ್ಲಿದ್ದಾಳೆ. ಇಪ್ಪತ್ತಕ್ಕಿಂತ ಹೆಚ್ಚು ಮಂದಿ ಇರುವ ಯೂನಿಟ್ಟು, ಪಿ.ಎಫ್. ಕಡಿಯುತ್ತಾರೆ. ಆಕೆಯ ಖಾತೆಗೆ ಇವರು ಅಕ್ಕನೂ ಅಲ್ಲ, ಅತ್ತೆಯೂ ಅಲ್ಲ, ಹೆತ್ತ ತಾಯಿ. ಅಲ್ಲಿ ಹೆಸರು ಹಾಕಿಸಬಹುದು. ಅಕ್ಕ ಅಲ್ಲಿಂದಲೇ ಮಗಳಿಗೆ ಫೋನು ಹಚ್ಚಿ, “ನಿನ್ನ ಪಿ.ಎಫ್.ನ್ಯಾಗ ನನಗೆಷ್ಟು ಬರೀತಿ?” ಅಂದರು. ಹೊಲಿಗೆ ಮಷೀನುಗಳ ಗದ್ದಲದಲ್ಲಿ ಆಕಿ ಏನೋ ಅಂದಳು. ಅರ್ಧ ಅಂತ ಅಕ್ಕನಿಗೆ ಕೇಳಿಸಿತು. ಫೋನು ಇಟ್ಟು ಒಟಿಪಿಯನ್ನು ಒಂದೊಂದೇ ಅಂಕಿ ಓದತೊಡಗಿದರು. ಓದಿ ಮುಗಿಯುವ ಹೊತ್ತಿಗೆ ಅದರ ವೇಳೆ ಮುಗಿದಿತ್ತು. ಎರಡನೆಯದಕ್ಕೆ ಇ-ಸೈನ್ ಆಯಿತು. ಪಿ.ಡಿ.ಎಫ್. ಇಳಿಸಿ ಎರಡು ಪ್ರತಿ ತೆಗೆದುಕೊಟ್ಟೆ.

ಬಾಗಿಲ ತನಕ ಹೋದವರಿಗೆ ಒಂದು ಮಾತು ಕೂಗಿ ಹೇಳಿದೆ. ತಾಯಿ ಅಂದರೆ ಸಾಲದು, ನನ್ನ ತಾಯಿ ನನ್ನ ಮೇಲೇ ಅವಲಂಬಿತಳು ಅಂತ ಮಗಳು ದೃಢೀಕರಿಸಬೇಕಾಗುತ್ತದೆ. ಅಕ್ಕ ತಿರುಗಿ ನಿಂತರು.

“ನಾನು ಅಕಿ ಮ್ಯಾಲೆ? ಮಿರ್ಚಿ ಸುಟ್ಟು ಇವರಿಬ್ಬರ ಮನಿ ಬಾಡಿಗಿ ಕಟ್ಟಾಕಿ ನಾನು. ಆ ಸುಳ್ಳು ಬರಿಯೋದಾದ್ರ ನನಗ ರೊಕ್ಕಾನ ಬ್ಯಾಡ್ರಿ ಸರ.”