ನಿಂಬೆ ಗಾತ್ರದ ಹುಣಸೆ, ಅಡಿಕೆ ಗಾತ್ರದ ಬೆಲ್ಲ

ಕಾರವಾರದಲ್ಲಿ ಭಾನುವಾರ ಸಂತೆ. ಆದ್ದರಿಂದ ನಮ್ಮ ಮನೆಯಲ್ಲಿ ವಾರದ ಅಡುಗೆ ಏನು ಅನ್ನುವ ಚರ್ಚೆ ಶನಿವಾರ ರಾತ್ರಿಯೇ ಮುಗಿಯಬೇಕು. ಮೊದಲು ಈ ಚರ್ಚೆ ಬಾಯಲ್ಲಿ ನಡೆಯುತ್ತಿತ್ತು, ಈಗ ಮೊಬೈಲಿನಲ್ಲಿ ನಡೆಯುತ್ತದೆ. ಅಡುಗೆ ಯೋಜನೆಯ ಆ್ಯಪ್ ಒಂದನ್ನು ನಮ್ಮವರು ಹಾಕಿಕೊಟ್ಟಿದ್ದಾರೆ. ಇಂಟರ್‌ನೆಟ್ಟಿನಲ್ಲಿ ಕಂಡ ಅಡುಗೆಯ ಲಿಂಕ್ ಕೊಟ್ಟರೆ ಅದು ಸಾಮಾನುಗಳನ್ನು ತಾನೇ ಓದಿಕೊಳ್ಳುತ್ತದೆ. ಯಾವ ದಿನಕ್ಕೆ ಯಾವ ಅಡುಗೆ ಅಂತ ಜೋಡಿಸಿದರೆ, ಎಲ್ಲ ಕೂಡಿಸಿ ವಾರದ ಚೀಟಿ ಬರೆದುಕೊಡುತ್ತದೆ. ಕೇಳಲಿಕ್ಕೆ ಎಷ್ಟು ಚಂದ, ಅಲ್ವಾ?

ಕೂಡಿಸುವುದರಲ್ಲೇ ಇರುವುದು ಕಥೆ. ಮೊದಲ ವಾರದ ಚೀಟಿಯಲ್ಲಿ ತೆಂಗಿನಕಾಯಿಯ ಪಾಡು ಹೀಗಿತ್ತು: ‘ತೆಂಗಿನ ತುರಿ 1½ ಕಪ್. ಕಾಯಿತುರಿ 1 ಕಪ್. ತೆಂಗಿನಕಾಯಿ 1 ಹೋಳು. ತೆಂಗಿನ ಹಾಲು 1 ಕಪ್.’ ಒಂದೇ ಕಾಯಿ ನಾಲ್ಕು ವೇಷ ಹಾಕಿಕೊಂಡು ನಾಲ್ಕು ಸಾಲಿನಲ್ಲಿ ಕೂತಿತ್ತು. ನಮ್ಮವರು ಸಂತೆಗೆ ಹೋದರೆ ಚೀಟಿ ಮೀರುವವರಲ್ಲ. ತುರಿಗೆ ಒಂದು ಪ್ಯಾಕೆಟ್, ಕಾಯಿತುರಿಗೆ ಬೇರೆ ಕಂಪನಿಯ ಇನ್ನೊಂದು ಪ್ಯಾಕೆಟ್, ಹಾಲಿಗೆ ಒಂದು ಡಬ್ಬಿ, ಹೋಳಿಗೆ ಒಂದು ಇಡೀ ಕಾಯಿ ತಂದರು. "ಹೋಳು ಮಾತ್ರ ಕೊಡುವುದಿಲ್ಲವಂತೆ" ಅಂತ ಬೇಜಾರು ಬೇರೆ.

ಆ್ಯಪ್ ಹೀಗೇಕೆ ಮಾಡಿತು ಅಂತ ಕೂತು ನೋಡಿದೆ. ಅಡುಗೆಯ ಪುಟದಲ್ಲಿ ಸಾಮಾನುಗಳು ಬರೀ ವಾಕ್ಯಗಳಾಗಿ ಇರುತ್ತವೆ. ಆ್ಯಪ್ ಒಂದೊಂದು ವಾಕ್ಯವನ್ನೂ ಮುರಿದು ಎಷ್ಟು, ಯಾವ ಅಳತೆ, ಯಾವ ಸಾಮಾನು ಅಂತ ಮೂರು ಭಾಗ ಮಾಡಬೇಕು. ಆಮೇಲೆ ಹೆಸರೂ ಅಳತೆಯೂ ಎರಡೂ ಒಂದೇ ಇದ್ದರೆ ಮಾತ್ರ ಕೂಡಿಸುತ್ತದೆ. ಒಂದೆಲಗದ ತಂಬುಳಿಗೆ ಅರ್ಧ ಕಪ್ ‘ತೆಂಗಿನ ತುರಿ’, ಚಟ್ನಿಗೆ ಒಂದು ಕಪ್ ‘ತೆಂಗಿನ ತುರಿ’. ಇವೆರಡನ್ನು ಚೊಕ್ಕವಾಗಿ ಒಂದೂವರೆ ಮಾಡಿತ್ತು. ಆದರೆ ಸಾಂಬಾರು ಬರೆದ ಪುಣ್ಯಾತ್ಮರು ‘ಕಾಯಿತುರಿ’ ಅಂದಿದ್ದರು, ಅವಿಯಲ್ ಬರೆದವರು ‘ಹೋಳು’ ಅಂದಿದ್ದರು. ಎರಡೂ ಬೇರೆ ಸಾಲಿಗೆ ಹೋದವು.

ನಮ್ಮ ಮನೆ ಲೆಕ್ಕ ಕಡಿಯದ್ದು. ಒಂದು ಕಾಯಿ ಒಡೆದರೆ ಎರಡು ಕಡಿ, ಸಾಧಾರಣ ದೊಡ್ಡ ಕಾಯಿಯ ಒಂದು ಕಡಿಗೆ ಒಂದೂವರೆ ಕಪ್ ತುರಿ. ಹಾಗೆ ಹಿಡಿದರೆ ತುರಿ ಎರಡೂವರೆ ಕಪ್, ಅವಿಯಲ್‌ನ ಹೋಳಿಗೆ ಒಂದೂವರೆ, ಒಟ್ಟು ನಾಲ್ಕು ಕಪ್. ಅಂದರೆ ಮೂರು ಕಡಿಯ ಒಳಗೇ. ಹಾಲಿಗೆ ಇನ್ನೊಂದು ಕಡಿ. ಎರಡು ಕಾಯಿಯಲ್ಲಿ ವಾರ ಮುಗಿಯಿತು! ಆ ವಾರ ಅತ್ತೆಯವರು ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಬರುವಾಗ ಸುಲಿದ ಕಾಯಿಯ ಚೀಲವನ್ನೇ ತಂದಿದ್ದರು ಅನ್ನುವುದು ಬೇರೆ ಮಾತು. ಅದು ಆ್ಯಪಿಗೆ ಹೇಗೆ ಗೊತ್ತಾಗಬೇಕು ಪಾಪ.

ಅತ್ತೆಯವರ ಎದುರೇ ಎರಡನೇ ಅನಾಹುತವೂ ಆಯಿತು. ಸಂತೆ ಚೀಲದಿಂದ ಒಂದಿಷ್ಟು ನಿಂಬೆಹಣ್ಣು ಬಿದ್ದವು. ಅದರ ಹಿಂದೆ ಒಂದು ಪೊಟ್ಟಣದಲ್ಲಿ ಅಡಿಕೆ. ಅತ್ತೆ ಪೊಟ್ಟಣವನ್ನೂ ಮಗನ ಮುಖವನ್ನೂ ನೋಡಿದರು. "ತಮಾ, ಅಡಕೆನೂ ದುಡ್ಡು ಕೊಟ್ಟು ತಂದ್ಯನ?" ಅಂದರು. ಅಂಗಳದ ತುಂಬ ಅಡಿಕೆ ಒಣಗಿಸಿ ಮಗನನ್ನು ಓದಿಸಿದ ಹೆಂಗಸು ಅವರು. ಮೀನು ತಂದಿದ್ದರೂ ಇಷ್ಟು ನೊಂದುಕೊಳ್ಳುತ್ತಿರಲಿಲ್ಲವೇನೋ. ನಮ್ಮವರು ಸುಮ್ನೆ ಮೊಬೈಲ್ ತೋರಿಸಿದರು. ಚೀಟಿಯಲ್ಲಿ ನಿಜವಾಗಿಯೂ ‘ಅಡಿಕೆ 2’ ಅಂತ ಇತ್ತು.

ಮೂಲ ಅಡುಗೆ ತೆಗೆದು ನೋಡಿದೆ. ‘ನಿಂಬೆ ಗಾತ್ರದ ಹುಣಸೆಹಣ್ಣು, ಅಡಿಕೆ ಗಾತ್ರದ ಬೆಲ್ಲ 2 ಚೂರು.’ ನಮಗೆ ಓದಿದ ಕೂಡಲೇ ಕೈಗೆ ಅಳತೆ ಸಿಗುತ್ತದೆ. ಆ್ಯಪಿಗೆ ಕೈ ಎಲ್ಲಿದೆ? ಸಾಲಿನಲ್ಲಿ ಮೊದಲು ಕಂಡ ಪರಿಚಯದ ಹೆಸರು ಹಿಡಿದುಕೊಂಡು ಉಳಿದದ್ದನ್ನು ಬಿಟ್ಟಿತ್ತು. ಹೆಚ್ಚಿಗೆ ಬಂದದ್ದು ಕಣ್ಣಿಗೆ ಬೀಳುತ್ತದೆ, ಬಿಟ್ಟುಹೋದದ್ದು ಬೀಳುವುದಿಲ್ಲ. ಇಂಥ ಚೀಟಿಯಲ್ಲಿ ಅದೇ ದೊಡ್ಡ ತೊಂದರೆ. ನಿಂಬೆ, ಅಡಿಕೆ ಮನೆಗೆ ಬಂದವು, ಹುಣಸೆಹಣ್ಣು ಬರಲಿಲ್ಲ ಅಂತ ನನಗೆ ತಿಳಿದದ್ದು ಮಂಗಳವಾರ, ಬೇಳೆ ಬೆಂದ ಮೇಲೆ. ಪಕ್ಕದ ಮನೆಗೆ ಬಟ್ಟಲು ಹಿಡಿದು ಹೋಗಿ, ಬದಲಿಗೆ ನಿಂಬೆಹಣ್ಣು ಕೊಟ್ಟು ಬಂದೆ. ಈಗ ಲಿಂಕ್ ಕೊಟ್ಟ ಕೂಡಲೇ ಚೀಟಿಗೆ ಸೇರಿಸುವುದಿಲ್ಲ. ಮೂಲದ ಸಾಲುಗಳನ್ನೂ ಆ್ಯಪ್ ಓದಿಕೊಂಡದ್ದನ್ನೂ ಒಮ್ಮೆ ತಾಳೆ ನೋಡಿ, ‘ಹುಣಸೆಹಣ್ಣು 25 ಗ್ರಾಂ’ ಅಂತ ತಿದ್ದುತ್ತೇನೆ. ಕಾಯಿ ಯಾವ ಅಡುಗೆಯಲ್ಲಿ ಬಂದರೂ ‘ತೆಂಗಿನಕಾಯಿ’ ಅಂತ ಒಂದೇ ಹೆಸರು, ‘ಕಡಿ’ ಅಂತ ಒಂದೇ ಅಳತೆ. ಅಳತೆಯ ಜಾಗದಲ್ಲಿ ನಮಗೆ ಬೇಕಾದ್ದು ಬರೆಯಲು ಬಿಡುತ್ತದೆ, ಅಷ್ಟರ ಮಟ್ಟಿಗೆ ಒಳ್ಳೆಯದು. ಉಪ್ಪು, ಸಾಸಿವೆ, ಅರಿಸಿನ ಇವಕ್ಕೆ ‘ಮನೆಯಲ್ಲಿ ಸದಾ ಇರುತ್ತದೆ’ ಅಂತ ಗುರುತು ಹಾಕಿದರೆ ಚೀಟಿಗೆ ಬರುವುದೇ ಇಲ್ಲ. ಆದರೆ ಡಬ್ಬಿ ಖಾಲಿಯಾದಾಗ ಗುರುತು ತೆಗೆಯುವುದು ನಮ್ಮದೇ ಕೆಲಸ, ಅದು ಹೇಳುವುದಿಲ್ಲ.

ಇಷ್ಟಾದರೂ ಬಗೆಹರಿಯದೆ ಉಳಿದದ್ದು ತರಕಾರಿ. ಆ್ಯಪಿನ ಪ್ರಕಾರ ಬಸಳೆಯ ಹುಳಿ ಶನಿವಾರಕ್ಕಿತ್ತು. ಭಾನುವಾರ ತಂದ ಬಸಳೆಗೆ ಶನಿವಾರದ ತನಕ ಜೀವ ಇರಬೇಕಲ್ಲ! ಬಾಡುವುದು ಯಾವುದು, ತಡೆಯುವುದು ಯಾವುದು ಅಂತ ನಮ್ಮ ಆ್ಯಪಿಗೆ ಗೊತ್ತಿಲ್ಲ. ಈಗ ದಿನ ಜೋಡಿಸುವಾಗ ಹರಿವೆ, ಬಸಳೆ, ಒಂದೆಲಗ ಸಂತೆಯ ಮರುದಿನದಿಂದ ಬುಧವಾರದೊಳಗೆ ಮುಗಿಯುವ ಹಾಗೆ ಹಾಕುತ್ತೇನೆ. ಸುವರ್ಣಗಡ್ಡೆ, ಮೊಗೆಕಾಯಿ ವಾರದ ಕೊನೆಗೆ. ಚೀಟಿಯಲ್ಲಿ ಹರಿವೆ 300 ಗ್ರಾಂ ಅಂತಿದ್ದರೂ ಸಂತೆಯಲ್ಲಿ ಹಾಲಕ್ಕಿ ಹೆಂಗಸರು ಕೊಡುವುದು ಕಟ್ಟಿನ ಲೆಕ್ಕದಲ್ಲಿ. ನಮ್ಮವರು ಒಮ್ಮೆ "300 ಗ್ರಾಂ ಕೊಡಿ" ಅಂದಿದ್ದರಂತೆ. ಎದುರಿಗಿದ್ದವರು ಕಟ್ಟನ್ನು ಅವರ ಚೀಲಕ್ಕೆ ಹಾಕಿ, ದುಡ್ಡಿಗೆ ಕೈ ಚಾಚಿದರಂತೆ.

ಮೊಗೆಕಾಯಿಯದು ಇನ್ನೂ ಫಜೀತಿ. ಹುಳಿಗೆ ಬೇಕಾದದ್ದು ಎರಡು ಕಪ್ ಹೋಳು. ಸಂತೆಯಲ್ಲಿ ಸಿಗುವುದು ಎರಡು ಕಿಲೋ ತೂಗುವ ಒಂದು ಇಡೀ ಕಾಯಿ. ಉಳಿದದ್ದು ಏನಾಗಬೇಕು ಅಂತ ಚೀಟಿಯಲ್ಲಿ ಎಲ್ಲೂ ಇಲ್ಲ. ಹಾಗಾಗಿ ಇದೊಂದಕ್ಕೆ ಲೆಕ್ಕವನ್ನು ತಿರುಗಿಸಿದೆ. ಮೊದಲು ಕಾಯಿ ತರುವುದು, ಆಮೇಲೆ ‘ಈ ಸಾಮಾನಿನಲ್ಲಿ ಏನು ಮಾಡಬಹುದು’ ಅನ್ನುವ ಹುಡುಕಾಟದಲ್ಲಿ ಮೊಗೆಕಾಯಿ ಅಂತ ಕೊಡುವುದು. ಅತ್ತೆಯವರು ಹೇಳಿ ನಾನು ಬರೆದಿಟ್ಟ ಅಡುಗೆಗಳೇ ಅದರಲ್ಲಿ ಸಾಲಾಗಿ ಬರುತ್ತವೆ. ಗುರುವಾರ ಹುಳಿ, ಶುಕ್ರವಾರ ಬೆಳಿಗ್ಗೆ ದೋಸೆ, ಮಧ್ಯಾಹ್ನ ತಿರುಳಿನ ತಂಬುಳಿ, ಶನಿವಾರ ಸಾಸಿವೆ. ಕಾಯಿ ಚೊಕ್ಕ ಮುಗಿಯುತ್ತದೆ, ಒಂದು ಬೀಜವೂ ದಂಡವಿಲ್ಲ.

ವಾರದ ಪಟ್ಟಿ ಮನೆಯ ಎಲ್ಲರ ಮೊಬೈಲಿನಲ್ಲೂ ಕಾಣುತ್ತದೆ. ಮಗ ಅದನ್ನು ತೆರೆಯುವುದೇ ಇಲ್ಲ ಅಂತ ತಿಳಿದಿದ್ದೆ. ಮೊನ್ನೆ ಬುಧವಾರ ರಾತ್ರಿ ಬಂದು ಹೇಳಿದ: "ಅಮ್ಮಾ, ನಾಳೆಯಿಂದ ಶನಿವಾರದ ತನಕ ನಂಗೆ ಗೆಳೆಯನ ಮನೇಲಿ ಓದೋದು ಜಾಸ್ತಿ ಇದೆ. ಊಟ ಅಲ್ಲೇ."