ಹಾರೈಕೆಯಲ್ಲಿ ಆ ಮನೆಯೇ ಕಾಣಲಿ

ಪುಣೆಯಲ್ಲಿ ನೆಲೆಸಿರುವ ನನಗೆ ಮಂಡ್ಯ, ಮೈಸೂರಿನಿಂದ ಬರುವ ಗೃಹಪ್ರವೇಶದ ಕರೆಗಳಿಗೆಲ್ಲ ಹೋಗಲು ಆಗುವುದಿಲ್ಲ. ಹೋಗಲಾಗದವನು ಸ್ನೇಹಿತನಿಗೆ ಕೊಡಬಹುದಾದದ್ದು ಬರೆದು ಕಳುಹಿಸುವ ನಾಲ್ಕು ಮಾತುಗಳನ್ನು ಮಾತ್ರ. ಆ ನಾಲ್ಕು ಮಾತೂ ‘ನೂತನ ಗೃಹಪ್ರವೇಶದ ಹಾರ್ದಿಕ ಶುಭಾಶಯಗಳು, ಸುಖ ಶಾಂತಿ ನೆಮ್ಮದಿ ಸದಾ ನೆಲೆಸಲಿ’ ಎಂಬಲ್ಲಿಗೇ ಮುಗಿದುಹೋಗುವುದು ನನಗೆ ಬೇಸರದ ವಿಷಯ.

ಮರಾಠಿ ಮನೆಗಳಲ್ಲಿ ಒಂದು ನಂಬಿಕೆಯಿದೆ. ಮನೆಯೊಳಗೆ ಆಡಿದ ಮಾತಿಗೆಲ್ಲ ಆ ಮನೆಯ ವಾಸ್ತು ‘ತಥಾಸ್ತು’ ಎನ್ನುತ್ತಿರುತ್ತದೆಯಂತೆ. ನಮ್ಮಲ್ಲೂ ಅಸ್ತು ದೇವತೆಗಳಿದ್ದಾರೆ, ಆದರೆ ಅವರನ್ನು ನಾವು ನೆನೆಯುವುದು ಹೆಚ್ಚಾಗಿ ಯಾರಾದರೂ ಕೆಟ್ಟದ್ದು ನುಡಿದಾಗ, ‘ಬಿಡ್ತು ಅನ್ನು’ ಎಂದು ಗದರುವುದಕ್ಕೆ. ಪುಣೆಯ ನನ್ನ ನೆರೆಯ ಹಿರಿಯರು ಅದೇ ನಂಬಿಕೆಯನ್ನು ಇನ್ನೊಂದು ಕಡೆಯಿಂದ ಹಿಡಿಯುತ್ತಾರೆ: ವಾಸ್ತುಶಾಂತಿಯ ದಿನ ಅಡುಗೆಮನೆಯಲ್ಲಿ ನಿಂತು ಅಡುಗೆಮನೆಗೆ ತಕ್ಕದ್ದನ್ನು, ಮಕ್ಕಳ ಕೋಣೆಯಲ್ಲಿ ಅವರ ಓದಿಗೆ ತಕ್ಕದ್ದನ್ನು ಬಾಯಿಬಿಟ್ಟು ಹೇಳುತ್ತಾರೆ. ಹಾರೈಕೆ ಮನೆಯ ಒಂದೊಂದು ಜಾಗವನ್ನು ಮುಟ್ಟಿ ಬರುತ್ತದೆ.

ಇದು ನಮಗೆ ಹೊಸತೇನಲ್ಲ. ಮಂಡ್ಯದ ಕಡೆ ಹೊಸ ಒಲೆಯ ಮೇಲೆ ಹಾಲು ಉಕ್ಕಿಸುವಾಗ ಹಿರಿಯ ಹೆಂಗಸರು ‘ಹಾಲು ಉಕ್ಕಿದಂಗೆ ನಿಮ್ಮ ಬಾಳು ಉಕ್ಕಲಿ ಕಣವ್ವ, ಕಣಜ ಬರಿದಾಗ್ದಿರ್ಲಿ’ ಎಂದು ಹರಸುತ್ತಾರೆ. ಆ ಮಾತಿನಲ್ಲಿ ಹಾಲಿದೆ, ಕಣಜವಿದೆ, ಎದುರಿಗೆ ನಿಂತ ಸೊಸೆಯಿದ್ದಾಳೆ. ನಾವು ಬರೆಯಲು ಕುಳಿತಾಗ ಇವೆಲ್ಲ ಜಾರಿಹೋಗಿ ‘ಅಷ್ಟೈಶ್ವರ್ಯ’, ‘ಸಮೃದ್ಧಿ’ ಮಾತ್ರ ಉಳಿಯುತ್ತವೆ. ಹಾಗೆಂದು ಮೂವತ್ತು ನಲವತ್ತರ ನಿವೇಶನದಲ್ಲಿ ಕಟ್ಟಿದ ಮನೆಗೆ ಕಣಜದ ಹಾರೈಕೆಯನ್ನು ಬರೆದರೆ ಅದೂ ಎರವಲು ಮಾತೇ ಆಗುತ್ತದೆ. ಹಿರಿಯರಿಂದ ಕಲಿಯಬೇಕಾದದ್ದು ಅವರು ನೋಡಿದ ರೀತಿಯನ್ನು, ಅವರ ಪದಗಳನ್ನಲ್ಲ.

ಮಂಡ್ಯದ ನನ್ನ ಸ್ನೇಹಿತನೊಬ್ಬ ಈಚೆಗೆ ಮನೆ ಕಟ್ಟಿಸಿದ. ಅವನು ಕೆಲಸಕ್ಕೆ ಹೋಗುತ್ತಿದ್ದುದರಿಂದ ಗೋಡೆ ಎದ್ದಾಗ, ಮೋಲ್ಡ್ ಹಾಕಿದಾಗ ಪೈಪು ಹಿಡಿದು ಬೆಳಿಗ್ಗೆ ಸಂಜೆ ನೀರುಣಿಸಿದವರು ಅವನ ತಂದೆ. ಸಿಮೆಂಟು ಗಟ್ಟಿಯಾಗಲು ಈ ನೀರು ತಪ್ಪದೆ ಬೇಕು. ಮೊದಲ ಒಂದೆರಡು ವಾರಗಳಲ್ಲಿ ಒಣಗಲು ಬಿಟ್ಟರೆ ಬಿರುಕು ಬಿಡುತ್ತದೆ, ಬಲವೂ ಕಡಿಮೆಯಾಗುತ್ತದೆ. ಅವನ ತಾಯಿಗೆ ಮನೆಯ ಮುಂದೆ ಜಗುಲಿ ಬೇಕಾಗಿತ್ತು. ಕಾರು ನಿಲ್ಲಿಸುವ ಜಾಗವನ್ನು ಸ್ವಲ್ಪ ಕಿರಿದು ಮಾಡಿ ಅವನು ಅದನ್ನು ಕಟ್ಟಿಸಿಕೊಟ್ಟ. ಇಷ್ಟು ಫೋನಿನಲ್ಲಿ ಕೇಳಿದ್ದೆ. ನಾನು ಬರೆದು ಕಳುಹಿಸಿದ್ದು ಹೀಗೆ:

‘ಅಪ್ಪ ಎರಡು ಹೊತ್ತೂ ನೀರು ಹಾಕಿ ಗಟ್ಟಿ ಮಾಡಿದ ಗೋಡೆಗಳು ಇವು. ಅವುಗಳಿಗೆ ಒರಗಿ ಕುಳಿತು ಅವರು ಮೊಮ್ಮಕ್ಕಳಿಗೆ ಮಗ್ಗಿ ಹೇಳಿಕೊಡುವ ಸಂಜೆಗಳು ಬಹಳ ಕಾಲ ಸಿಗಲಿ. ಅಮ್ಮನ ಜಗುಲಿಯಲ್ಲಿ ಎಲೆಯಡಿಕೆಯ ತಟ್ಟೆಯ ಸುತ್ತ ಯಾವಾಗಲೂ ಒಬ್ಬರಿಬ್ಬರು ಕುಳಿತಿರಲಿ. ಮುಂದಿನ ಸಲ ಊರಿಗೆ ಬಂದಾಗ ಆ ಜಗುಲಿಯಲ್ಲಿ ನನಗೂ ಜಾಗವಿರಲಿ.’

ಇಲ್ಲಿ ದೊಡ್ಡ ಪದವೊಂದೂ ಇಲ್ಲ. ಕಟ್ಟುವಾಗ ಯಾರು ಏನು ಮಾಡಿದರು, ಮನೆಯ ಯಾವ ಭಾಗ ಯಾರಿಗಾಗಿ ಬಂತು, ಅಲ್ಲಿ ಮುಂದೆ ಏನು ನಡೆಯಲಿ ಎಂಬುದಷ್ಟೇ ಇದೆ. ಹೆಸರು ಬದಲಿಸಿ ಇನ್ನೊಬ್ಬರಿಗೆ ಕಳುಹಿಸಿದರೆ ಅದು ಹೊಂದುವುದಿಲ್ಲ. ಬರೆದದ್ದು ಸ್ನೇಹಿತನಿಗೇ ಸೇರಿದ್ದೋ ಅಲ್ಲವೋ ಎಂದು ತಿಳಿಯಲು ನಾನು ಹೀಗೆಯೇ ಪರೀಕ್ಷಿಸುತ್ತೇನೆ.

ಒಳ್ಳೆಯ ಮನಸ್ಸಿನಿಂದ ಬರೆದದ್ದೂ ನೋಯಿಸುವುದುಂಟು. ‘ಬೇಗ ಮೇಲೊಂದು ಮಹಡಿ ಏಳಲಿ’ ಎಂದರೆ ಈಗಿನ ಮನೆ ಸಾಲದು ಎಂದಂತಾಗುತ್ತದೆ. ‘ಸಾಲ ಬೇಗ ತೀರಲಿ’ ಎಂಬುದು ಎಷ್ಟೇ ನಿಜವಾದ ಹಾರೈಕೆಯಾದರೂ ನೆಂಟರ ನಡುವೆ ಓದುವ ಕಾಗದದಲ್ಲಿ ಬರಬಾರದು. ಮನೆಯನ್ನು ನೋಡದೆ ಹೋದ ತಂದೆಯನ್ನೋ ತಾಯಿಯನ್ನೋ ನೆನೆಯುವುದಾದರೆ ‘ಅವರು ಇದ್ದಿದ್ದರೆ’ ಎಂದು ಆರಂಭಿಸುವುದಕ್ಕಿಂತ, ಅವರಿಂದ ಈ ಮನೆಗೆ ಬಂದುದನ್ನು ಹೇಳುವುದು ಮೇಲು: ‘ಅಮ್ಮ ಬೆಳೆಸಿದ ದಾಸವಾಳದ ಕಡ್ಡಿ ಹೊಸ ಅಂಗಳದಲ್ಲಿ ಬೇರು ಬಿಡಲಿ.’ ಇಷ್ಟು ಸಾಕು. ಅವರು ತೀರಿಕೊಂಡು ಇನ್ನೂ ಕೆಲವೇ ತಿಂಗಳುಗಳಾಗಿದ್ದರೆ ಅದನ್ನೂ ಬರೆಯದೆ ಫೋನು ಮಾಡುವುದೇ ಸರಿ.

ಪರಿಚಯ ಅಷ್ಟಕ್ಕಷ್ಟೇ ಇದ್ದಲ್ಲಿ ರೂಢಿಯ ಶುಭಾಶಯವೇ ಒಪ್ಪುತ್ತದೆ. ತಿಳಿಯದ ಮನೆಯ ಬಗ್ಗೆ ಆಪ್ತವಾಗಿ ಬರೆದರೆ ಕೃತಕವಾಗುತ್ತದೆ. ಆಪ್ತರಿಗಾದರೆ ಹಿಂದಿನ ವಾರವೇ ಫೋನು ಮಾಡಿ, ‘ಮನೆಯಲ್ಲಿ ನಿನಗೆ ಇಷ್ಟವಾದ ಜಾಗ ಯಾವುದು?’ ಎಂದು ಕೇಳಿದರೆ ಬರೆಯಬೇಕಾದುದರ ಮುಕ್ಕಾಲು ಪಾಲು ಅವರ ಬಾಯಿಂದಲೇ ಬರುತ್ತದೆ.